ಮೂರು ವಾರವಾದರೂ ಫೋನ್ ಬಾರದ ಫ್ಲ್ಯಾಟು: ಕಾರವಾರದಲ್ಲಿ ಬೆಲೆ, ಫೋಟೊ ಬದಲಿಸಿ ಮತ್ತೆ ಮಾರಾಟಕ್ಕೆ ಬಿಡುವ ಕ್ರಮ

ಫ್ಲ್ಯಾಟನ್ನು ಹತ್ತು ಜನ ಬಂದು ನೋಡಿ ಬೇಡ ಎಂದರೆ ತೊಂದರೆ ಫ್ಲ್ಯಾಟಿನಲ್ಲಿದೆ. ಒಬ್ಬರೂ ನೋಡಲು ಬಾರದಿದ್ದರೆ ತೊಂದರೆ ಫ್ಲ್ಯಾಟಿನದಲ್ಲ, ಏಕೆಂದರೆ ಅದನ್ನು ಇನ್ನೂ ಯಾರೂ ನೋಡಿಯೇ ಇಲ್ಲ. ಜನ ನೋಡಿದ್ದು ಮೊಬೈಲಿನಲ್ಲಿ ಒಂದು ಫೋಟೊ, ಒಂದು ಬೆಲೆ, ಎರಡು ಸಾಲು ಬರಹ. ಅಷ್ಟರಲ್ಲೇ ಮುಂದೆ ಸರಿಸಿದ್ದಾರೆ. ಆದ್ದರಿಂದ ಮೂರು ವಾರ ಫೋನ್ ಬಂದಿಲ್ಲವೆಂದು ಮಾಡ್ಯುಲರ್ ಕಿಚನ್ ಹಾಕಿಸುವುದು, ಟೈಲ್ಸ್ ಬದಲಿಸುವುದು ದುಡ್ಡು ಹಾಳು. ಕೈ ಹಾಕಬೇಕಾದದ್ದು ಬೆಲೆಗೆ, ಮೊದಲ ಫೋಟೊಕ್ಕೆ, ಬರಹಕ್ಕೆ. ಅದೂ ಮೂರಕ್ಕೂ ಒಟ್ಟಿಗೆ.

ಇಲ್ಲಿ ಒಂದೇ ಫ್ಲ್ಯಾಟನ್ನು ಉದಾಹರಣೆಗೆ ಇಟ್ಟುಕೊಂಡು ಲೆಕ್ಕ ಹಾಕೋಣ. ಕಾರವಾರದ ಕಾಜುಬಾಗ ಕಡೆಯ ಹನ್ನೆರಡು ವರ್ಷ ಹಳೆಯ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಎರಡು ಬೆಡ್‌ರೂಮ್, ಸೂಪರ್ ಬಿಲ್ಟ್‌ಅಪ್ 1,050 ಚದರಡಿ, ಕಾರ್ಪೆಟ್ 760 ಚದರಡಿ. ಕೇಳಿದ ಬೆಲೆ 52 ಲಕ್ಷ. ಅಂಕಿಗಳು ಲೆಕ್ಕದ ದಾರಿ ತೋರಿಸಲು ಹಿಡಿದವು, ಊರಿನ ದರಪಟ್ಟಿಯಲ್ಲ. ನಿಮ್ಮ ಅಂಕಿಗಳನ್ನು ಹಾಕಿಕೊಂಡು ಓದಿ.

ಎಲ್ಲಿ ನಿಂತಿದೆ ಎಂದು ಮೊದಲು ಪತ್ತೆ ಮಾಡಿ

ಮನೆ ಮಾರುವ ಆ್ಯಪ್‌ಗಳಲ್ಲಿ ನಿಮ್ಮ ಜಾಹೀರಾತನ್ನು ಎಷ್ಟು ಜನ ತೆರೆದು ನೋಡಿದರು, ಎಷ್ಟು ಜನ ನಂಬರ್ ತೆಗೆದುಕೊಂಡರು ಎಂಬ ಎಣಿಕೆ ಸಾಮಾನ್ಯವಾಗಿ ಮಾಲೀಕರ ಖಾತೆಯಲ್ಲಿ ಕಾಣುತ್ತದೆ. ಅದನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಪಕ್ಕದಲ್ಲಿ ಮೂರು ವಾರದಲ್ಲಿ ಬಂದ ಪ್ರತಿ ಫೋನನ್ನೂ ಬರೆಯಿರಿ: ಯಾರು, ಎಲ್ಲಿ ನೋಡಿದರು, ಏನು ಕೇಳಿದರು, ಎಲ್ಲಿಗೆ ಮಾತು ನಿಂತಿತು.

ನಮ್ಮ ಉದಾಹರಣೆಯಲ್ಲಿ 640 ಜನ ತೆರೆದು ನೋಡಿದ್ದಾರೆ. ಫೋನ್ ಬಂದದ್ದು ನಾಲ್ಕು. ಅದರಲ್ಲಿ ಇಬ್ಬರು ಬ್ರೋಕರುಗಳು, ಒಬ್ಬರು ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದವರು. ನಿಜವಾಗಿ ಕೊಳ್ಳುವವರು ಒಬ್ಬರೇ, ಅವರೂ "ಲಾಸ್ಟ್ ಎಷ್ಟು?" ಎಂದು ಕೇಳಿ ಸುಮ್ಮನಾದರು. ನೋಟ ಇದೆ, ಫೋನಿಲ್ಲ. ಇದರ ಅರ್ಥ ಬೆಲೆ ಮತ್ತು ಫೋಟೊ ಒಂದಕ್ಕೊಂದು ಹೊಂದುತ್ತಿಲ್ಲ ಎಂದು. ನೋಡಿದವರೇ ನಲವತ್ತು ಐವತ್ತು ಜನರಿದ್ದರೆ ರೋಗ ಬೇರೆ: ಜಾಹೀರಾತು ಹುಡುಕುವವರ ಕಣ್ಣಿಗೇ ಬಿದ್ದಿಲ್ಲ. ಜಾಗದ ಹೆಸರು ತಪ್ಪಾಗಿದೆ, ಇಲ್ಲವೇ ಬೆಲೆ ಹುಡುಕಾಟದ ಗೆರೆಯಿಂದ ಆಚೆ ಬಿದ್ದಿದೆ, ಇಲ್ಲವೇ ಒಂದೇ ಕಡೆ ಹಾಕಿದ್ದೀರಿ. ಇನ್ನು ಫೋನ್ ಸಾಕಷ್ಟು ಬಂದು ಯಾರೂ ನೋಡಲು ಬರುತ್ತಿಲ್ಲವಾದರೆ ಫೋನಿನಲ್ಲಿ ಹೇಳುವ ಯಾವುದೋ ಒಂದು ಸಂಗತಿ ಅವರನ್ನು ತಡೆಯುತ್ತಿದೆ. ಹೆಚ್ಚಾಗಿ ಅದು ಲಿಫ್ಟ್ ಇಲ್ಲದಿರುವುದು, ಪಾರ್ಕಿಂಗ್ ಇಲ್ಲದಿರುವುದು ಅಥವಾ ಇ-ಖಾತಾ ಆಗದಿರುವುದು.

ಇದರ ಜೊತೆಗೆ ಪಂಚಾಂಗವನ್ನೂ ಒಮ್ಮೆ ನೋಡಿ. ಆ ಮೂರು ವಾರ ಆಷಾಢದಲ್ಲೋ ಪಿತೃಪಕ್ಷದಲ್ಲೋ ಬಿದ್ದಿದ್ದರೆ ನಿಶ್ಶಬ್ದಕ್ಕೆ ಅರ್ಧ ಕಾರಣ ಅದೇ. ಆಗ ಬೆಲೆಗೆ ಕೈ ಹಾಕುವ ಅವಸರ ಬೇಡ, ರಿಪೇರಿ ಮತ್ತು ಫೋಟೊ ಮುಗಿಸಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಕೊಳ್ಳುವವರಲ್ಲಿ ದೊಡ್ಡ ಪಾಲು ಮುಂಬೈ, ಗೋವಾ, ಗಲ್ಫ್‌ನಲ್ಲಿರುವ ಊರವರು. ಅವರು ಮನೆ ನೋಡುವುದು ಚೌತಿಗೆ, ದೀಪಾವಳಿಗೆ, ಮೇ ರಜೆಗೆ ಬಂದಾಗ. ಹೊಸ ಜಾಹೀರಾತು ಚೌತಿಗೆ ಎರಡು ವಾರ ಮೊದಲೇ ಬಿದ್ದರೆ, ಅವರು ಹೊರಡುವ ಮೊದಲೇ ನೋಡಬೇಕಾದ ಮನೆಗಳ ಪಟ್ಟಿಯಲ್ಲಿ ನಿಮ್ಮದೂ ಸೇರುತ್ತದೆ. ಹಬ್ಬದ ದಿನವೇ ಹಾಕಿದರೆ ಪಂಚಕಜ್ಜಾಯದ ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ.

ಬೆಲೆ: ಕೇಳಿದ ದರ ಬಿಟ್ಟು ಮಾರಾಟವಾದ ದರ ಹಿಡಿಯಿರಿ

52 ಲಕ್ಷ ಎಂಬ ಬೆಲೆ ಎಲ್ಲಿಂದ ಬಂತು? ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ: ಪಕ್ಕದ ಕಟ್ಟಡದವರು 54 ಕೇಳುತ್ತಿದ್ದಾರೆ. ಅವರ ಫ್ಲ್ಯಾಟು ಎಂಟು ತಿಂಗಳಿಂದ ಹಾಗೆಯೇ ಬಿದ್ದಿದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾರಾಟವಾಗದ ಫ್ಲ್ಯಾಟಿನ ಬೆಲೆ ಮಾರುಕಟ್ಟೆ ಒಪ್ಪದ ಬೆಲೆ, ಅದನ್ನು ಅಳತೆಗೋಲು ಮಾಡಿಕೊಳ್ಳಬಾರದು.

ಬೇಕಾದದ್ದು ಕಳೆದ ಒಂದೂವರೆ ವರ್ಷದಲ್ಲಿ ನಿಜವಾಗಿ ಕೈ ಬದಲಾದ ಮೂರು ಫ್ಲ್ಯಾಟುಗಳ ದರ. ಕಟ್ಟಡದ ಸಂಘದ ಕಾರ್ಯದರ್ಶಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ, ಏಕೆಂದರೆ ಮಾಲೀಕರ ಹೆಸರು ಬದಲಿಸಲು ಎಲ್ಲರೂ ಅವರ ಬಳಿಯೇ ಬರುತ್ತಾರೆ. ಬ್ಯಾಂಕಿಗೆ ಮೌಲ್ಯಮಾಪನ ಮಾಡಿಕೊಡುವ ಎಂಜಿನಿಯರುಗಳಿಗೆ ಇನ್ನೂ ಚೆನ್ನಾಗಿ ಗೊತ್ತು. ಫೀಸು ಕೊಟ್ಟು ನಿಮ್ಮ ಫ್ಲ್ಯಾಟಿಗೇ ಒಂದು ಮೌಲ್ಯಮಾಪನ ಮಾಡಿಸಿಕೊಂಡರೆ ಅದು ಬರಿಯ ಮಾಹಿತಿಯಲ್ಲ, ಚೌಕಾಸಿಯ ಮೇಜಿನ ಮೇಲೆ ಇಡುವ ಕಾಗದವೂ ಆಗುತ್ತದೆ. ಕಾವೇರಿ ತಂತ್ರಾಂಶದಲ್ಲಿ ಸಿಗುವ ಋಣಭಾರ ಪತ್ರದಲ್ಲಿ ಕ್ರಯದ ಮೊತ್ತ ಕಾಣುತ್ತದಾದರೂ ಪತ್ರದಲ್ಲಿ ಬರೆದದ್ದು ಕೈಗೆ ಬಂದದ್ದಕ್ಕಿಂತ ಕಡಿಮೆ ಇರುವುದುಂಟು. ಅದನ್ನು ಕೆಳಗಿನ ಗಡಿ ಎಂದು ತಿಳಿಯಿರಿ.

ಹೋಲಿಕೆಯನ್ನು ಕಾರ್ಪೆಟ್ ಚದರಡಿಯಲ್ಲೇ ಮಾಡಬೇಕು. ಸೂಪರ್ ಬಿಲ್ಟ್‌ಅಪ್‌ನಲ್ಲಿ ಮೆಟ್ಟಿಲು, ಕಾರಿಡಾರ್‌ಗಳ ಪಾಲೂ ಸೇರಿರುತ್ತದೆ. ಅದನ್ನು ಒಬ್ಬ ಬಿಲ್ಡರ್ ಲೆಕ್ಕ ಹಾಕಿದಂತೆ ಇನ್ನೊಬ್ಬ ಹಾಕುವುದಿಲ್ಲ.

ನಮ್ಮ ಉದಾಹರಣೆಗೆ ಸಿಕ್ಕ ಮೂರು ಹೋಲಿಕೆಗಳು ಹೀಗಿವೆ. ಅದೇ ಕಟ್ಟಡದ ಮೊದಲ ಮಹಡಿ, ಅದೇ 760 ಚದರಡಿ, 14 ತಿಂಗಳ ಹಿಂದೆ 45 ಲಕ್ಷಕ್ಕೆ ಹೋಗಿದೆ: ಚದರಡಿಗೆ ಸುಮಾರು 5,920 ರೂಪಾಯಿ. ಹತ್ತಿರದ ಹೊಸ ಕಟ್ಟಡ, ಲಿಫ್ಟ್ ಮತ್ತು ಮುಚ್ಚಿದ ಪಾರ್ಕಿಂಗ್ ಇದೆ, 820 ಚದರಡಿ, 51 ಲಕ್ಷ: ಸುಮಾರು 6,220. ಕೋಡಿಬಾಗದ ಹಳೆಯ ಕಟ್ಟಡ, 700 ಚದರಡಿ, 39.5 ಲಕ್ಷ: ಸುಮಾರು 5,640. ನಾವು ಕೇಳುತ್ತಿರುವ 52 ಲಕ್ಷವನ್ನು 760ರಿಂದ ಭಾಗಿಸಿದರೆ 6,840. ಅಂದರೆ ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಲಿಫ್ಟ್ ಇರುವ ಹೊಸ ಕಟ್ಟಡಕ್ಕಿಂತ ಚದರಡಿಗೆ ಆರುನೂರು ರೂಪಾಯಿ ಹೆಚ್ಚು. ಫೋನ್ ಬಾರದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮೊದಲ ಹೋಲಿಕೆಯೇ ನಮಗೆ ಹತ್ತಿರದ್ದು. 14 ತಿಂಗಳಲ್ಲಿ ದರ ಸ್ವಲ್ಪ ಏರಿರಬಹುದು, ಆದರೆ ಎರಡು ಮಹಡಿ ಹೆಚ್ಚು ಹತ್ತಬೇಕು. ಇವೆರಡನ್ನೂ ತೂಗಿ 6,000ದಿಂದ 6,150 ಎಂದಿಟ್ಟರೆ 45.6 ಲಕ್ಷದಿಂದ 46.7 ಲಕ್ಷ ಆಗುತ್ತದೆ. ಇದು ವ್ಯವಹಾರ ಮುಗಿಯುವ ಬೆಲೆ. ಇದರ ಮೇಲೆ ನಾಲ್ಕು ಪರ್ಸೆಂಟ್ ಚೌಕಾಸಿಗೆ ಬಿಟ್ಟು 48.5 ಲಕ್ಷ ಎಂದು ಕೇಳಬಹುದು. ಮನಸ್ಸಿನಲ್ಲಿ 46.5 ಎಂಬ ಗಡಿ ಹಾಕಿಕೊಂಡು ಅದನ್ನು ಬ್ರೋಕರಿಗೂ ಹೇಳದಿರುವುದು ಒಳ್ಳೆಯದು.

ಇಳಿಸುವುದಾದರೆ 51.5 ಮಾಡಿ ಸುಮ್ಮನಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಆ್ಯಪ್‌ಗಳಲ್ಲಿ ಜನ ಬೆಲೆಯ ಗೆರೆ ಎಳೆದು ಹುಡುಕುತ್ತಾರೆ, ಆ ಗೆರೆಗಳು ಹೆಚ್ಚಾಗಿ ಐದೈದು ಲಕ್ಷಕ್ಕೆ ಬೀಳುತ್ತವೆ. "50 ಲಕ್ಷದವರೆಗೆ" ಎಂದು ಒತ್ತಿದವರಿಗೆ 52 ಎಷ್ಟು ಕಾಣುವುದಿಲ್ಲವೋ 51.5 ಸಹ ಅಷ್ಟೇ ಕಾಣುವುದಿಲ್ಲ. ಇಳಿಕೆ ಒಂದು ಗೆರೆಯನ್ನು ದಾಟಲೇಬೇಕು. ಇನ್ನೂ ಕೆಟ್ಟದ್ದು ವಾರಕ್ಕೆ ಐವತ್ತು ಸಾವಿರದಂತೆ ಇಳಿಸುವುದು. ಕಾರವಾರ ಸಣ್ಣ ಊರು, ಅದೇ ಇಪ್ಪತ್ತು ಮೂವತ್ತು ಮನೆಗಳನ್ನೇ ಎಲ್ಲರೂ ನೋಡುತ್ತಿರುತ್ತಾರೆ. ಎರಡನೇ ಇಳಿಕೆ ಕಂಡೊಡನೆ "ಇನ್ನೂ ಇಳೀತದೆ, ಕಾಯೋಣ" ಎನ್ನುತ್ತಾರೆ. ಇಳಿಸುವುದು ಒಂದೇ ಸಲ.

ಬೆಲೆ ಹೆಚ್ಚಿದ್ದರೆ ಫೋನ್ ಮಾಡಿಯಾದರೂ ಕಡಿಮೆಗೆ ಕೇಳಬಹುದಲ್ಲ, ಏಕೆ ಕೇಳುವುದಿಲ್ಲ? ಇದಕ್ಕೆ ಉತ್ತರ ಕೊಳ್ಳುವವರ ಬ್ಯಾಂಕಿನಲ್ಲಿದೆ. ಇಲ್ಲಿ ಕೊಳ್ಳುವವರಲ್ಲಿ ಕೈಗಾ, ನೌಕಾನೆಲೆ, ಸರ್ಕಾರಿ ಆಸ್ಪತ್ರೆ, ಶಾಲೆಗಳ ಸಂಬಳದವರು ಬಹಳ, ಅವರು ಸಾಲದ ಮೇಲೆ ಕೊಳ್ಳುವವರು. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಆಸ್ತಿಯ ಬೆಲೆಯ 80 ಪರ್ಸೆಂಟ್ ಮೀರಿ ಕೊಡುವಂತಿಲ್ಲ. ಆ ಬೆಲೆಯೆಂದರೆ ಕರಾರಿನ ಮೊತ್ತ ಮತ್ತು ಮೌಲ್ಯಮಾಪಕರು ಹೇಳಿದ ಮೊತ್ತ, ಇವೆರಡರಲ್ಲಿ ಕಡಿಮೆಯದು. ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಶುಲ್ಕ ಎಲ್ಲ ಸೇರಿ ಈಗ ನಗರ ಪ್ರದೇಶದಲ್ಲಿ ಸುಮಾರು 7.6 ಪರ್ಸೆಂಟ್, ಅದೂ ಅವರ ಕೈಯಿಂದಲೇ ಹೋಗಬೇಕು.

ಮೌಲ್ಯಮಾಪಕರು 46 ಲಕ್ಷ ಎಂದು ಬರೆದರು ಎಂದುಕೊಳ್ಳಿ. ಸಾಲ 36.8 ಲಕ್ಷ. ನೀವು 52ಕ್ಕೆ ಪಟ್ಟು ಹಿಡಿದರೆ ಅವರು ಕೈಯಿಂದ 15.2 ಲಕ್ಷ ಹಾಕಬೇಕು, ಅದರ ಮೇಲೆ ನೋಂದಣಿಯ ಖರ್ಚು ಸುಮಾರು 3.95 ಲಕ್ಷ. ಒಟ್ಟು 19 ಲಕ್ಷ ದಾಟಿತು. ಅದೇ 46.5ಕ್ಕೆ ಮುಗಿದರೆ ಕೈಯಿಂದ 9.7 ಮತ್ತು ನೋಂದಣಿಗೆ 3.5, ಒಟ್ಟು 13.2 ಲಕ್ಷ. ಬೆಲೆಯಲ್ಲಿ ಐದೂವರೆ ಲಕ್ಷದ ವ್ಯತ್ಯಾಸ ಕಂತಿನಲ್ಲಿ ಹರಡಿ ಹೋಗುವುದಿಲ್ಲ, ಇಡಿಯಾಗಿ ಅವರ ಉಳಿತಾಯದ ಮೇಲೆ ಬೀಳುತ್ತದೆ. 13 ಲಕ್ಷ ಹೊಂದಿಸಿಕೊಂಡವರು 19 ಲಕ್ಷದ ಮನೆಗೆ ಫೋನ್ ಮಾಡುವುದಿಲ್ಲ, ಚೌಕಾಸಿಗೂ ಬರುವುದಿಲ್ಲ. ಅವರಿಗೆ ಆ ಮನೆ ಲೆಕ್ಕಕ್ಕೇ ಇಲ್ಲ.

ಹಾಗೆಂದು ಎಲ್ಲರೂ ಇಳಿಸಲೇಬೇಕೆಂದಿಲ್ಲ. 46.5 ಲಕ್ಷ ಬ್ಯಾಂಕಿನಲ್ಲಿದ್ದರೆ ಆರೂವರೆ ಪರ್ಸೆಂಟಿಗೆ ತಿಂಗಳಿಗೆ 25 ಸಾವಿರ ಬಡ್ಡಿ, ಸಂಘದ ನಿರ್ವಹಣೆ ಎರಡು ಸಾವಿರ. ಖಾಲಿ ಇಟ್ಟು ಕಾಯುವುದಕ್ಕೆ ತಿಂಗಳಿಗೆ 27 ಸಾವಿರ ಹೋಗುತ್ತದೆ. ಕೇಳುವ ಬೆಲೆಯನ್ನು 52ರಿಂದ 48.5ಕ್ಕೆ ತಂದಾಗ ಆಗುವ 3.5 ಲಕ್ಷದ ಇಳಿಕೆ ಹದಿಮೂರು ತಿಂಗಳ ಕಾಯುವಿಕೆಗೆ ಸಮ. ವರ್ಷದೊಳಗೆ 52 ಕೊಡುವವರು ಸಿಗುತ್ತಾರೆ ಎಂಬ ಗಟ್ಟಿ ಕಾರಣವಿದ್ದರೆ ಕಾಯಬಹುದು, ಆದರೆ ಆಗ ಜಾಹೀರಾತನ್ನು ತೆಗೆದಿಡಿ. ವರ್ಷವಿಡೀ ನೇತಾಡುವ ಜಾಹೀರಾತು ಮನೆಗೆ ಕೆಟ್ಟ ಹೆಸರು ತರುತ್ತದೆ. ಮುಚ್ಚಿಟ್ಟ ಫ್ಲ್ಯಾಟು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಫೋಟೊಕ್ಕೆ ಮೊದಲು ಗೋಡೆ ಮತ್ತು ಗ್ರಿಲ್

ಕರಾವಳಿಯ ಫ್ಲ್ಯಾಟಿನ ಫೋಟೊದಲ್ಲಿ ಕಣ್ಣು ಮೊದಲು ಹೋಗುವುದು ಎರಡು ಕಡೆ: ಕಿಟಕಿ ಗ್ರಿಲ್‌ನಿಂದ ಇಳಿದ ತುಕ್ಕಿನ ಕಂದು ಗೆರೆ, ಮತ್ತು ಗೋಡೆಯ ಮೂಲೆಯಲ್ಲಿ ಉಬ್ಬಿದ ಬಣ್ಣ. ಊರವರು ಎರಡನ್ನೂ ನೋಡಿದ ಕೂಡಲೇ ಓದುತ್ತಾರೆ. ಮೊದಲನೆಯದು ಉಪ್ಪುಗಾಳಿ, ಅದು ಎಲ್ಲರ ಮನೆಯಲ್ಲೂ ಇದೆ. ಎರಡನೆಯದು ಸೋರಿಕೆ, ಅದಕ್ಕೆ ಹೆದರುತ್ತಾರೆ.

ಗ್ರಿಲ್‌ಗೆ ಎರಡು ದಿನದ ಕೆಲಸ. ತಂತಿಯ ಬ್ರಷ್‌ನಿಂದ ತುಕ್ಕು ಕೆರೆದು, ಸಿಹಿನೀರಿನಲ್ಲಿ ಒರೆಸಿ ಉಪ್ಪು ತೆಗೆದು, ಪೂರ್ತಿ ಒಣಗಿದ ಮೇಲೆ ರೆಡ್ ಆಕ್ಸೈಡ್ ಅಥವಾ ಜಿಂಕ್ ಪ್ರೈಮರ್ ಒಂದು ಕೈ, ಮರುದಿನ ಎನಾಮೆಲ್ ಎರಡು ಕೈ. ಒರೆಸುವುದನ್ನು ಬಿಟ್ಟರೆ ಉಪ್ಪು ಬಣ್ಣದಡಿಯಲ್ಲೇ ಉಳಿದು ತಿಂಗಳೊಳಗೆ ಗುಳ್ಳೆ ಏಳುತ್ತದೆ. ಕೊಳ್ಳುವವರು ಎರಡನೇ ಸಲ ನೋಡಲು ಬರುವುದೂ ಸುಮಾರು ಆ ಹೊತ್ತಿಗೇ.

ಗೋಡೆಯಲ್ಲಿ ನೀರು ಹೊರಗಿನಿಂದ ಬರುತ್ತಿದೆಯೋ, ಬರಿಯ ಗಾಳಿಯ ತೇವವೋ ಎಂದು ತಿಳಿಯದೆ ಬಣ್ಣ ಹೊಡೆಸಬೇಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸಂಶಯವಿರುವ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕೂತರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಕೂತರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆದು ಫ್ಯಾನ್ ಹಾಕಿದರೆ ಸರಿಹೋಗುತ್ತದೆ. ಒಳಗಿನಿಂದ ಬರುತ್ತಿದ್ದರೆ ಮೂಲ ಹುಡುಕಬೇಕು: ಮೇಲಿನವರ ಬಚ್ಚಲಿನ ಪೈಪೋ, ಹೊರಗೋಡೆಯ ಬಿರುಕೋ, ಕಿಟಕಿಯ ಮೇಲಿನ ಸಜ್ಜಾದ ಮೂಲೆಯೋ. ಮೂಲ ಮುಚ್ಚದೆ ಹೊಡೆದ ಬಣ್ಣ ಸುಲಿದಾಗ, ಮುಚ್ಚಿಟ್ಟು ಮಾರಲು ಹೊರಟಿದ್ದಾರೆ ಎಂಬ ಮಾತು ಬರುತ್ತದೆ. ಆ ಮಾತು ಬಂದ ಮೇಲೆ ಬೆಲೆ ನಿಮ್ಮ ಕೈಯಲ್ಲಿರುವುದಿಲ್ಲ.

ಉಳಿದದ್ದು ಒಂದು ದಿನದ ಕೆಲಸ. ಬಾಲ್ಕನಿಗೆ ಮಳೆಗೆಂದು ಕಟ್ಟಿದ ನೀಲಿ ತಾಡಪಾಲು ಬಿಚ್ಚಿ, ಬಟ್ಟೆ ಹಗ್ಗ ತೆಗೆಯಿರಿ. ಬಚ್ಚಲಿನ ಬಕೆಟ್, ಚೊಂಬು, ಸಾಬೂನು ಎಲ್ಲ ಆಚೆ. ಕಪ್ಪಾದ ಸ್ವಿಚ್ ಪ್ಲೇಟುಗಳನ್ನು ಬದಲಿಸಿ, ಎಲ್ಲ ಬಲ್ಬುಗಳನ್ನು ಒಂದೇ ಬಣ್ಣದವಾಗಿ ಮಾಡಿ. ಒಂದು ಕೋಣೆಯಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ ಬಿಳಿ ಇದ್ದರೆ ಫೋಟೊದಲ್ಲಿ ಗೋಡೆಯೇ ಕೊಳೆಯಾದಂತೆ ಕಾಣುತ್ತದೆ.

ಫೋಟೊ ತೆಗೆಯುವ ಹೊತ್ತು, ಎತ್ತರ, ಕ್ರಮ

ಕಾರವಾರದಲ್ಲಿ ಸಮುದ್ರ ಪಶ್ಚಿಮಕ್ಕಿದೆ. ಮಧ್ಯಾಹ್ನದ ಮೇಲೆ ಆ ಕಡೆಯ ಕಿಟಕಿಗಳಿಂದ ಬೆಳಕು ನೇರ ಒಳಗೆ ಬಂದು ಕಿಟಕಿ ಬರೀ ಬಿಳಿ ಚೌಕವಾಗಿ, ಕೋಣೆ ಕತ್ತಲಾಗಿ ಬರುತ್ತದೆ. ಪಶ್ಚಿಮದ ಕೋಣೆಗಳನ್ನು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ, ಪೂರ್ವದವನ್ನು ಮೂರರಿಂದ ಐದರೊಳಗೆ ತೆಗೆಯಿರಿ. ಅಂದರೆ ಕೆಲಸ ಒಂದೇ ದಿನ ಎರಡು ಪಾಳಿ. ಮಳೆಗಾಲವಾದರೆ ಮಳೆ ಬಿಟ್ಟ ಬಿಳಿ ಮೋಡದ ಹೊತ್ತು ಒಳ್ಳೆಯದು, ನೆರಳು ಗಡುಸಾಗಿರುವುದಿಲ್ಲ.

ದುಬಾರಿ ಕ್ಯಾಮೆರಾ ಬೇಡ. ಫೋನನ್ನು ಅಡ್ಡ ಹಿಡಿಯಿರಿ, ನೆಲದಿಂದ ನಾಲ್ಕು ಅಡಿ ಎತ್ತರ, ಅಂದರೆ ಎದೆಗಿಂತ ಸ್ವಲ್ಪ ಕೆಳಗೆ. ಕಣ್ಣಿನ ಮಟ್ಟದಿಂದ ತೆಗೆದರೆ ನೆಲ ಬಾಗಿ ಸೀಲಿಂಗ್ ಕಳೆದುಹೋಗುತ್ತದೆ. ಕೋಣೆಯ ಮೂಲೆಯಲ್ಲಿ ಬೆನ್ನು ತಾಗಿಸಿ ನಿಂತು, ಕಿಟಕಿ ಎದುರಿಗೆ ಬಾರದೆ ಪಕ್ಕಕ್ಕೆ ಬರುವಂತೆ ನೋಡಿಕೊಳ್ಳಿ. ಗೋಡೆಯ ಅಂಚು ಫೋಟೊದಲ್ಲಿ ನೆಟ್ಟಗೆ ನಿಂತಿರಬೇಕು. ಫೋನಿನ ಅತಿ ಅಗಲದ ಲೆನ್ಸ್ ಬಳಸಬೇಡಿ. ಹತ್ತಡಿಯ ಬೆಡ್‌ರೂಮು ಹದಿನಾರು ಅಡಿಯಂತೆ ಕಾಣುತ್ತದೆ ನಿಜ, ಆದರೆ ಬಂದವರ ಮುಖ ಬಾಗಿಲಲ್ಲೇ ಇಳಿಯುತ್ತದೆ. ಲೆನ್ಸನ್ನು ಒರೆಸುವುದು ಮರೆಯಬೇಡಿ. ಕಡಲ ಗಾಳಿಯಲ್ಲಿ ಅದರ ಮೇಲೆ ಸದಾ ಒಂದು ಮಬ್ಬು ಇರುತ್ತದೆ.

ಮೊದಲ ಫೋಟೊ ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ. ನಮ್ಮ ಉದಾಹರಣೆಯ ಹಳೆಯ ಜಾಹೀರಾತಿನಲ್ಲಿ ಮೊದಲಿಗೆ ಇದ್ದದ್ದು ರಸ್ತೆಯಿಂದ ತೆಗೆದ ಕಟ್ಟಡದ ಉದ್ದುದ್ದ ಫೋಟೊ: ಪಾಚಿಯಿಂದ ಕಪ್ಪಾದ ಗೋಡೆ, ಮುಂದೆ ನಿಂತ ಟೆಂಪೊ, ಮೇಲೆ ಕರೆಂಟ್ ತಂತಿ. ಕಟ್ಟಡ ಎಲ್ಲರಿಗೂ ಗೊತ್ತಾಗಲಿ ಎಂದು ಮಾಲೀಕರು ಹಾಕಿದ್ದರು. ಕೊಳ್ಳುವವರು ಕಂಡದ್ದು ಪಾಚಿ. ಹೊಸದರಲ್ಲಿ ಮೊದಲಿಗೆ ಹಾಲ್: ಬಾಲ್ಕನಿಯ ಬಾಗಿಲು ತೆರೆದು, ಬೆಳಕು ಪಕ್ಕದಿಂದ ನೆಲದ ಮೇಲೆ ಬಿದ್ದು, ಆಚೆ ತೆಂಗಿನ ತಲೆಗಳು ಕಾಣುವಂತೆ. ಆಮೇಲೆ ಅಡುಗೆಮನೆ, ದೊಡ್ಡ ಬೆಡ್‌ರೂಮ್, ಬಾಲ್ಕನಿಯಿಂದ ಕಾಣುವ ನೋಟ, ಎರಡನೇ ಬೆಡ್‌ರೂಮ್, ಬಚ್ಚಲು, ಬಟ್ಟೆ ಒಗೆಯುವ ಜಾಗ, ಪಾರ್ಕಿಂಗ್, ಮೆಟ್ಟಿಲು. ಕಟ್ಟಡದ ಹೊರನೋಟ ಕೊನೆಗೆ ಇರಲಿ, ಇಲ್ಲದೆ ಬೇಡ, ಬಚ್ಚಿಟ್ಟಂತಾಗುತ್ತದೆ. ಒಟ್ಟು ಹನ್ನೆರಡರಿಂದ ಹದಿನೈದು ಸಾಕು. ಅದೇ ಹಾಲಿನ ಐದು ಫೋಟೊ ಹಾಕಿದರೆ ಬೇರೆ ಕೋಣೆ ತೋರಿಸಲು ಸಂಕೋಚವೇನೋ ಎನಿಸುತ್ತದೆ.

ಇದರ ಜೊತೆಗೆ ಒಂದು ನಕ್ಷೆ ಹಾಕಿ. ಗ್ರಾಫ್ ಕಾಗದದ ಮೇಲೆ ಕೈಯಲ್ಲಿ ಬರೆದದ್ದಾದರೂ ಆದೀತು, ಪ್ರತಿ ಕೋಣೆಯ ಒಳ ಅಳತೆ ಮತ್ತು ಉತ್ತರ ದಿಕ್ಕು ಇರಬೇಕು. ಮುಂಬೈಯಲ್ಲಿ ಕೂತು ನೋಡುವವರು ಬಾಗಿಲು ಯಾವ ಕಡೆ, ದೇವರಮನೆ ಎಲ್ಲಿಡಬಹುದು ಎಂಬುದನ್ನೆಲ್ಲ ಅದರಲ್ಲೇ ತೀರ್ಮಾನಿಸುತ್ತಾರೆ.

ಟೆರೇಸಿನಿಂದ ಕಂಡ ಸಮುದ್ರವನ್ನು ಫ್ಲ್ಯಾಟಿನ ನೋಟವೆಂದು ಹಾಕುವ ಆಸೆ ಹಲವರಿಗೆ. ಹಾಕಬೇಡಿ. ಹಾಕಲೇಬೇಕೆಂದರೆ ಫೋಟೊದ ಕೆಳಗೆ "ಟೆರೇಸಿನಿಂದ" ಎಂದು ಬರೆಯಿರಿ.

ಬರಹ

ಹಳೆಯ ಬರಹ ಹೀಗಿತ್ತು: "ಅರ್ಜೆಂಟ್ ಸೇಲ್! ಪ್ರೈಮ್ ಲೊಕೇಶನ್‌ನಲ್ಲಿ ಲಕ್ಷುರಿ 2 ಬಿಎಚ್‌ಕೆ, 1050 ಚದರಡಿ, ಬೀಚ್ ಹತ್ತಿರ, 52 ಲಕ್ಷ ನೆಗೋಶಿಯೆಬಲ್." ಅರ್ಜೆಂಟ್ ಎಂದರೆ ಮಾಲೀಕರಿಗೆ ಅಡಚಣೆ ಇದೆ, ಒತ್ತಿದರೆ ಇಳಿಯುತ್ತಾರೆ ಎಂದು ಓದುತ್ತಾರೆ. ನೆಗೋಶಿಯೆಬಲ್ ಎಂದರೆ ಇದು ನಿಜವಾದ ಬೆಲೆಯಲ್ಲ ಎಂದು. ಎರಡನ್ನೂ ತೆಗೆದು, ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಕೊಡಿ:

"ಕಾಜುಬಾಗ, ಕಾರವಾರ. 2 ಬಿಎಚ್‌ಕೆ, ಕಾರ್ಪೆಟ್ 760 ಚದರಡಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಪೂರ್ವಕ್ಕೆ ಬಾಗಿಲು. ಹಾಲ್ ಮತ್ತು ಒಂದು ಬೆಡ್‌ರೂಮಿಗೆ ಪಶ್ಚಿಮದ ಗಾಳಿ. ಒಂದು ಕಾರಿಗೆ ಕಾಯ್ದಿಟ್ಟ ಜಾಗ. ಬಾವಿ ಮತ್ತು ನಗರಸಭೆ ನೀರು, ಎರಡೂ ಇವೆ. ಇ-ಖಾತಾ ಇದೆ, ಸಾಲವಿಲ್ಲ. ಗ್ರಿಲ್, ಒಳಬಣ್ಣ ಈ ತಿಂಗಳು ಮಾಡಿಸಿದ್ದು. 48.5 ಲಕ್ಷ. ಶನಿವಾರ, ಭಾನುವಾರ ನೋಡಬಹುದು."

ಲಿಫ್ಟ್ ಇಲ್ಲ ಎಂಬುದನ್ನು ಜಾಹೀರಾತಿನಲ್ಲೇ ಹೇಳುವುದು ಸರಿಯೇ ಎಂದು ಎಲ್ಲರೂ ಕೇಳುತ್ತಾರೆ. ಸರಿ. ಮೊಣಕಾಲು ನೋವಿನ ಅಜ್ಜಿಯನ್ನು ಕರೆತಂದವರು ಹೇಗೂ ಕೊಳ್ಳುವುದಿಲ್ಲ, ಅವರ ಭಾನುವಾರವೂ ನಿಮ್ಮ ಭಾನುವಾರವೂ ಉಳಿಯಿತು. ಇದನ್ನೇ ಹಿಂದಿ ಮತ್ತು ಇಂಗ್ಲಿಷಿನಲ್ಲೂ ಬರೆಸಿಡಿ, ನೌಕಾನೆಲೆಯವರಿಗೆ ಕನ್ನಡ ಓದಲು ಬರುವುದು ಕಡಿಮೆ. ಫೋನಿನಲ್ಲಿ ಕೊಂಕಣಿ ಮಾತಾಡುವವರೊಬ್ಬರು ಮನೆಯಲ್ಲಿದ್ದರೆ ಅವರದೇ ನಂಬರ್ ಕೊಡಿ.

ಬರೆದದ್ದಕ್ಕೆಲ್ಲ ಕಾಗದ ಇರಬೇಕು: ಕ್ರಯಪತ್ರ, ಇ-ಖಾತಾ, ಈಚಿನ ಋಣಭಾರ ಪತ್ರ, ತೆರಿಗೆ ರಸೀದಿ, ಕಟ್ಟಡದ ಪರವಾನಗಿ, ಸಂಘದ ಬಾಕಿ ಇಲ್ಲವೆಂಬ ಪತ್ರ. ಸಮುದ್ರ ಅಥವಾ ಕಾಳಿ ನದಿಗೆ ಹತ್ತಿರದ ಕಟ್ಟಡವಾದರೆ ಕರಾವಳಿ ನಿಯಂತ್ರಣ ವಲಯದ ಬಗ್ಗೆ ಕೊಳ್ಳುವವರ ವಕೀಲರು ಕೇಳಿಯೇ ಕೇಳುತ್ತಾರೆ. ಉತ್ತರ ಹುಡುಕುವಷ್ಟರಲ್ಲಿ ಅವರ ಮನಸ್ಸು ಬೇರೆ ಮನೆಗೆ ಹೋಗಿರುತ್ತದೆ.

ಹಳೆಯದನ್ನು ಒರೆಸಿ, ಹೊಸದನ್ನು ಬಿಡುವುದು

ಇಲ್ಲಿ ಅವಸರ ಮಾಡಿದವರ ಕೆಲಸವೆಲ್ಲ ನೀರಲ್ಲಿ ಹೋಮ. ಹೊಸ ಬೆಲೆ ಹಾಕುವ ಮೊದಲು ಹಳೆಯ ಬೆಲೆ ಎಲ್ಲೆಲ್ಲಿದೆ ಎಂದು ಹುಡುಕಿ: ನಿಮ್ಮದೇ ಜಾಹೀರಾತುಗಳು, ಫೇಸ್‌ಬುಕ್ಕಿನ ಊರಿನ ಗುಂಪುಗಳು, ಬ್ರೋಕರುಗಳು ವಾಟ್ಸ್ಆ್ಯಪಿನಲ್ಲಿ ಹಂಚಿದ ಸಂದೇಶ. ಒಬ್ಬ ಬ್ರೋಕರ್ ತನ್ನದನ್ನು ಸೇರಿಸಿ 53 ಎಂದು, ಇನ್ನೊಬ್ಬ 50 ಎಂದು ಹಾಕಿರುತ್ತಾನೆ. ಒಂದೇ ಫ್ಲ್ಯಾಟಿಗೆ ಮೂರು ಬೆಲೆ ಕಂಡವರು ಕಡಿಮೆಯದನ್ನೂ ನಂಬುವುದಿಲ್ಲ. ಎಲ್ಲರಿಗೂ ಫೋನ್ ಮಾಡಿ ತೆಗೆಸಿ, ಕಮಿಷನ್ ಎಷ್ಟೆಂದು ಬೇರೆಯಾಗಿ ಒಪ್ಪಿಕೊಂಡು, ಬೆಲೆಯ ಮೇಲೆ ಸೇರಿಸಬಾರದೆಂದು ಹೇಳಿ. ಹೊಸ ಸಂದೇಶದ ಕೊನೆಗೆ ದಿನಾಂಕ ಹಾಕಿ, ಆಗ ಮುಂದಕ್ಕೆ ಹೋದರೂ ಯಾವುದು ಹೊಸತು ಎಂದು ತಿಳಿಯುತ್ತದೆ.

ಬೆಲೆ ಇವತ್ತು, ಫೋಟೊ ಮುಂದಿನ ವಾರ ಎಂದು ಬಿಡಿಬಿಡಿಯಾಗಿ ಮಾಡಬೇಡಿ. ಇಳಿದ ಬೆಲೆ ಹಳೆಯ ಪಾಚಿ ಗೋಡೆಯ ಪಕ್ಕದಲ್ಲಿ ಕಂಡರೆ ಸೋತವರ ಇಳಿಕೆಯಂತೆ ಕಾಣುತ್ತದೆ. ಹೊಸ ಫೋಟೊದ ಪಕ್ಕದಲ್ಲಿ ಕಂಡರೆ ಬೇರೆಯದೇ ಮನೆ. ಬೆಲೆಯ ಲೆಕ್ಕಕ್ಕೆ ಮೂರು ದಿನ, ರಿಪೇರಿಗೆ ಐದು ದಿನ, ಫೋಟೊಕ್ಕೆ ಒಂದು ದಿನ ಎಂದರೆ ಹತ್ತನೇ ದಿನ ಎಲ್ಲ ಸಿದ್ಧ. ಆ ರಿಪೇರಿಯ ದಿನಗಳಲ್ಲಿ ಜಾಹೀರಾತು ಇಳಿಸಿಡಿ. ಬಿಡುವುದು ಗುರುವಾರ ಸಂಜೆ, ಶನಿವಾರ ನೋಡಲು ಬರುವವರಿಗೆ ಒಂದು ದಿನದ ಸಮಯವಿರಲಿ ಎಂದು. ಎಲ್ಲಕ್ಕಿಂತ ಮೊದಲು, ಬುಧವಾರವೇ, "ಲಾಸ್ಟ್ ಎಷ್ಟು" ಎಂದು ಕೇಳಿ ಸುಮ್ಮನಾದ ಆ ಒಬ್ಬರಿಗೆ ಫೋನ್ ಮಾಡಿ ಹೊಸ ಬೆಲೆ ತಿಳಿಸಿ. ಮೂರು ವಾರದಲ್ಲಿ ನಿಮ್ಮ ಫ್ಲ್ಯಾಟಿನ ಬಗ್ಗೆ ಯೋಚಿಸಿದ ಒಬ್ಬನೇ ಮನುಷ್ಯ ಅವರು.

ಮುಂದಿನ ಹದಿನಾಲ್ಕು ದಿನ

ಅದೇ ಕಾಗದದಲ್ಲಿ ಎಣಿಕೆ ಮುಂದುವರಿಸಿ. ಬಂದ ಫೋನಿಗೆ ಒಂದು ಗಂಟೆಯೊಳಗೆ ಉತ್ತರಿಸಿ, ಮೂರೇ ಪ್ರಶ್ನೆ ಕೇಳಿ: ಸಾಲವೋ ಸ್ವಂತ ದುಡ್ಡೋ, ಯಾವಾಗ ಬೇಕು, ಯಾರೆಲ್ಲ ಇರುತ್ತಾರೆ. "ಲಾಸ್ಟ್ ಎಷ್ಟು" ಎಂದರೆ ಫೋನಿನಲ್ಲಿ ಬೆಲೆ ಮಾತಾಡಬೇಡಿ, "ಒಮ್ಮೆ ನೋಡಿ ಬನ್ನಿ, ಕೂತು ಮಾತಾಡೋಣ" ಅಷ್ಟೇ. ಮನೆ ನೋಡದವರಿಗೆ ಇಳಿಸಿ ಹೇಳಿದ ಬೆಲೆ, ನೋಡಿದ ಮೇಲೆ ಅವರ ಚೌಕಾಸಿ ಶುರುವಾಗುವ ಬೆಲೆಯಾಗುತ್ತದೆ.

ಹದಿನಾಲ್ಕು ದಿನದಲ್ಲಿ ನಿಜವಾದ ಕೊಳ್ಳುವವರ ಫೋನ್ ಎಂಟು ಹತ್ತು ಬಂದು, ಮೂರ್ನಾಲ್ಕು ಕುಟುಂಬ ಬಂದು ನೋಡಿದರೆ ಬೆಲೆ ಸರಿಯಿದೆ, ಇನ್ನು ಮುಟ್ಟಬೇಡಿ. ಬಂದು ನೋಡಿದವರು ಒಂದೇ ಕಾರಣ ಹೇಳಿ ಹೋಗುತ್ತಿದ್ದರೆ, ಮೂರು ಜನ ಮೆಟ್ಟಿಲು ಎಂದರೆ, ಆ ಕಾರಣಕ್ಕೆ ಬೆಲೆಯಲ್ಲಿ ಇನ್ನೂ ಪೂರ್ತಿ ಲೆಕ್ಕ ಕೊಟ್ಟಿಲ್ಲ ಎಂದು. ಹಬ್ಬದ ಕಾಲದಲ್ಲೂ ಫೋನ್ ಮೂರಕ್ಕಿಂತ ಹೆಚ್ಚಾಗದಿದ್ದರೆ ಹೋಲಿಕೆಗೆ ಹಿಡಿದ ಆ ಮೂರು ಫ್ಲ್ಯಾಟುಗಳನ್ನೇ ಮತ್ತೆ ಪರೀಕ್ಷಿಸಬೇಕು: ದರ ಯಾರು ಹೇಳಿದ್ದು, ಪಾರ್ಕಿಂಗ್ ಸೇರಿತ್ತೇ, ಪೀಠೋಪಕರಣ ಸೇರಿತ್ತೇ ಎಂದು. 51 ಲಕ್ಷಕ್ಕೆ ಹೋಯಿತೆಂದ ಆ ಫ್ಲ್ಯಾಟಿನಲ್ಲಿ ಎರಡು ಎಸಿ, ವಾರ್ಡ್‌ರೋಬು ಸೇರಿ 51 ಆಗಿದ್ದರೆ, ಅದರ ಚದರಡಿ ದರದಿಂದ ಅವುಗಳ ಬೆಲೆ ಕಳೆದು ನಿಮ್ಮ ಲೆಕ್ಕವನ್ನು ಮತ್ತೊಮ್ಮೆ ಹಾಕಿ.